ವಿಷಯ: ಬ್ಯಾಚ್ 2206ರ ಉಕ್ಕಿನ ಬುಷ್‌ಗಳ ತಿರಸ್ಕಾರ, ಬದಲಿ ಮಾಲು ಅಥವಾ ಕ್ರೆಡಿಟ್ ನೋಟ್ ಕೋರಿಕೆ

ದಿನಾಂಕ: ಮಾರ್ಚ್ 12
ಆರ್ಡರ್ ಸಂಖ್ಯೆ 4417, ಇನ್‌ವಾಯ್ಸ್ ಸಂಖ್ಯೆ 0893

ಮಾರಾಟ ವ್ಯವಸ್ಥಾಪಕರಿಗೆ,

ಮಾನ್ಯರೇ,

ಮಾರ್ಚ್ 9ರಂದು ನಮ್ಮ ಉಗ್ರಾಣಕ್ಕೆ ಬಂದ 5,000 ಬುಷ್‌ಗಳು ಒಳಬರುವ ಮಾಲಿನ ತಪಾಸಣೆಯಲ್ಲಿ ಪಾಸಾಗಿಲ್ಲ. ಇಡೀ ಬ್ಯಾಚನ್ನು ತಿರಸ್ಕರಿಸಿದ್ದೇವೆ. ಇದರ ಬದಲಿಗೆ ಬೇರೆ ಮಾಲು ಕಳಿಸಿಕೊಡಬೇಕು. ಅದು ಆಗದಿದ್ದರೆ ಇನ್‌ವಾಯ್ಸ್‌ನ ಪೂರ್ಣ ಮೊತ್ತಕ್ಕೆ ಕ್ರೆಡಿಟ್ ನೋಟ್ ಕೊಡಬೇಕು.

ದೋಷ ಇರುವುದು ಒಳವ್ಯಾಸದಲ್ಲಿ. ಡ್ರಾಯಿಂಗ್ ಪ್ರಕಾರ ಬೋರ್ 20 ಮಿ.ಮೀ. ಎಚ್7, ಅಂದರೆ 20.000ರಿಂದ 20.021 ಮಿ.ಮೀ. ಒಳಗಿರಬೇಕು. ಐಎಸ್‌ಒ 2859-1ರ ಸಾಮಾನ್ಯ ಹಂತ 2ರಂತೆ, ಎಕ್ಯೂಎಲ್ 1.0ಕ್ಕೆ, ಹತ್ತು ಪೆಟ್ಟಿಗೆಗಳಿಂದ ತಲಾ 20ರಂತೆ 200 ಬುಷ್ ತೆಗೆದು ಪರೀಕ್ಷಿಸಿದೆವು. ದೋಷವಿರುವ ಬುಷ್ 5ರವರೆಗೆ ಇದ್ದರೆ ಬ್ಯಾಚ್ ಸ್ವೀಕಾರ, 6 ಆದರೆ ತಿರಸ್ಕಾರ. ನಮಗೆ ಸಿಕ್ಕಿದ್ದು 17. ಈ ಹದಿನೇಳರಲ್ಲೂ ಪ್ಲಗ್ ಗೇಜಿನ ನೋ-ಗೋ ತುದಿ ಸಲೀಸಾಗಿ ಒಳಗೆ ಹೋಯಿತು. ಆಮೇಲೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೋರ್ ಗೇಜಿನಿಂದ ಅಳೆದಾಗ 20.026ರಿಂದ 20.036 ಮಿ.ಮೀ. ಬಂತು. ಅಳತೆಯ ಹಾಳೆಗಳನ್ನು ಲಗತ್ತಿಸಿದ್ದೇವೆ.

ಕೆಲವೇ ಮೈಕ್ರಾನ್ ತಾನೇ ಎಂದು ಇದನ್ನು ಬಿಡುವಂತಿಲ್ಲ. ಇದರೊಳಗೆ ತಿರುಗುವ ಶಾಫ್ಟ್ 20 ಮಿ.ಮೀ. ಜಿ6, ಎರಡೂ ಅಳತೆ ಸರಿಯಿದ್ದರೆ ನಡುವಿನ ಸಡಿಲ ಹೆಚ್ಚೆಂದರೆ 41 ಮೈಕ್ರಾನ್. ನಿಮ್ಮ ಬುಷ್‌ನಲ್ಲಿ ಅದು 56ಕ್ಕೆ ಹೋಗಬಹುದು. ಅಷ್ಟು ಸಡಿಲವಾದರೆ ಶಾಫ್ಟ್ ಅದುರಿ ಬುಷ್ ಬೇಗ ಸವೆಯುತ್ತದೆ. ಆ ಯಂತ್ರದ ಮುಂದೆ ನಿಂತು ಕೆಲಸ ಮಾಡುವವರನ್ನು ನೆನೆದರೆ ಇಂಥ ಮಾಲಿಗೆ ಸಹಿ ಹಾಕಲು ನನ್ನಿಂದಾಗದು.

ನೀವು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಹದಿನೇಳೂ ಸಿಕ್ಕಿದ್ದು 7ರಿಂದ 10ನೇ ಪೆಟ್ಟಿಗೆಗಳಲ್ಲಿ. ಅವುಗಳ ಲೇಬಲ್ ಮೇಲೆ ಮಾರ್ಚ್ 5, ಎರಡನೇ ಪಾಳಿ ಎಂದಿದೆ. ಮಾಲಿನ ಜೊತೆ ಬಂದ ನಿಮ್ಮ ತಪಾಸಣಾ ಪ್ರಮಾಣಪತ್ರಕ್ಕೆ ಸಹಿಯಾಗಿರುವುದು ಮಾರ್ಚ್ 4ರಂದು. ಅಂದರೆ ಈ 2,000 ಬುಷ್‌ಗಳು ತಯಾರಾಗುವ ಮೊದಲೇ ಅವು ಸರಿಯಿವೆ ಎಂದು ಬರೆದಂತಾಗಿದೆ. ಅಳತೆ ತಪ್ಪಿದ್ದಕ್ಕಿಂತ ನನಗೆ ಹೆಚ್ಚು ನೋವಾಗಿದ್ದು ಇದರಿಂದ. ಇಷ್ಟು ವರ್ಷ ನಿಮ್ಮ ಪ್ರಮಾಣಪತ್ರವನ್ನು ನಾವು ನಂಬಿಕೊಂಡೇ ಬಂದಿದ್ದೇವೆ. ಆ ಪಾಳಿಯಲ್ಲಿ ರೀಮರ್ ಬದಲಾಯಿತೇ, ಅದರ ಓಟ ತಪ್ಪಿತ್ತೇ, ಮೊದಲ ಬುಷ್ ಅಳೆದವರು ಯಾರು ಎಂಬುದನ್ನು ಪತ್ತೆಹಚ್ಚಿ, ಸರಿಪಡಿಸಿದ ಕ್ರಮದ ವರದಿಯನ್ನು ಬದಲಿ ಮಾಲಿನ ಜೊತೆಗೇ ಕಳಿಸಿ.

ಮೊದಲ ಆರು ಪೆಟ್ಟಿಗೆಗಳನ್ನು ಇಟ್ಟುಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಪೆಟ್ಟಿಗೆಗೆ 20 ಬುಷ್ ನೋಡಿ ಉಳಿದ 480ಕ್ಕೆ ಭರವಸೆ ಕೊಡಲಾಗದು. ಆದರೆ ನಿಮ್ಮ ತಪಾಸಕರು ಇಲ್ಲಿಗೆ ಬಂದು, ನಮ್ಮವರ ಎದುರು ಆ 3,000 ಬುಷ್‌ಗಳನ್ನು ಒಂದೊಂದಾಗಿ ಗೇಜ್ ಹಾಕಿ ನೋಡಿ ದಾಖಲೆಗೆ ಸಹಿ ಮಾಡಿದರೆ, ಪಾಸಾದವನ್ನು ಬದಲಿ ಮಾಲಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ನಿಮ್ಮದೇ ಪ್ಲಗ್ ಗೇಜ್ ತರಲಿ, ಕ್ಯಾಲಿಬ್ರೇಷನ್ ಪತ್ರವೂ ಜೊತೆಗಿರಲಿ. ಉಳಿದ ನಾಲ್ಕು ಪೆಟ್ಟಿಗೆಗಳ ವಿಚಾರದಲ್ಲಿ ಈ ಅವಕಾಶವಿಲ್ಲ. ದೊಡ್ಡದಾದ ಬೋರಿಗೆ ಲೇಪನ ಹಾಕಿ ಅಳತೆಗೆ ತಂದು ಮತ್ತೆ ಕಳಿಸುವುದನ್ನೂ ಒಪ್ಪುವುದಿಲ್ಲ.

ನಮ್ಮ ಜೋಡಣೆ ವಿಭಾಗಕ್ಕೆ ಮಾರ್ಚ್ 20ರೊಳಗೆ ಕನಿಷ್ಠ 1,500 ಒಳ್ಳೆಯ ಬುಷ್ ಬೇಕೇ ಬೇಕು. ಬಾಕಿಯವು ಏಪ್ರಿಲ್ 2ರೊಳಗೆ ಬಂದರೆ ಸಾಕು. ಈ ದಿನಾಂಕಗಳು ನಿಮಗೆ ಸಾಧ್ಯವಿಲ್ಲ ಎಂದಾದರೆ ಈಗಲೇ ಹೇಳಿಬಿಡಿ. ಆಗ ಈ ಆರ್ಡರ್ ರದ್ದುಮಾಡಿ ಬೇರೆ ಕಡೆಯಿಂದ ತರಿಸಿಕೊಳ್ಳುತ್ತೇವೆ. ಹಾಗಾದಲ್ಲಿ ನೀವು ಮಾರ್ಚ್ 19ರೊಳಗೆ ಕ್ರೆಡಿಟ್ ನೋಟ್ ಕಳಿಸಬೇಕು. ಎರಡರಲ್ಲಿ ಯಾವುದಾದರೂ ಸರಿ, ತಿರಸ್ಕೃತ ಮಾಲನ್ನು ವಾಪಸ್ ಒಯ್ಯುವ ಸಾಗಣೆ ವೆಚ್ಚ ಆರ್ಡರಿನ ಷರತ್ತಿನಂತೆ ನಿಮ್ಮದು. ಅಲ್ಲಿಯವರೆಗೆ ಇನ್‌ವಾಯ್ಸ್ 0893ರ ಪಾವತಿಯನ್ನು ತಡೆಹಿಡಿಯಲು ಲೆಕ್ಕಪತ್ರ ವಿಭಾಗಕ್ಕೆ ತಿಳಿಸಿದ್ದೇವೆ.

ಹತ್ತೂ ಪೆಟ್ಟಿಗೆಗಳಿಗೆ ಕೆಂಪು ಚೀಟಿ ಅಂಟಿಸಿ, ಬೀಗ ಹಾಕಿದ ಪ್ರತ್ಯೇಕ ಜಾಗದಲ್ಲಿ ಇಟ್ಟಿದ್ದೇವೆ. ದೋಷವಿರುವ 17 ಬುಷ್‌ಗಳಿಗೂ ಸಂಖ್ಯೆ ಕೊಟ್ಟಿದ್ದೇವೆ. ನಮ್ಮ ಅಳತೆಯ ಬಗ್ಗೆ ಅನುಮಾನವಿದ್ದರೆ ಬಂದು ನೀವೇ ಅಳೆದು ನೋಡಬಹುದು.

ಬದಲಿ ಮಾಲೋ ಕ್ರೆಡಿಟ್ ನೋಟೋ ಎಂಬುದನ್ನು ಮಾರ್ಚ್ 14ರ ಸಂಜೆಯೊಳಗೆ ಲಿಖಿತವಾಗಿ ತಿಳಿಸಿ.

ಇಂತಿ,
ಗುಣಮಟ್ಟ ನಿಯಂತ್ರಣ ವಿಭಾಗದ ಮುಖ್ಯಸ್ಥರು

ಲಗತ್ತು: 200 ಬುಷ್‌ಗಳ ಅಳತೆ ಹಾಳೆ, ಪೆಟ್ಟಿಗೆ ಲೇಬಲ್‌ಗಳ ಚಿತ್ರ, ನಿಮ್ಮ ಪ್ರಮಾಣಪತ್ರದ ಪ್ರತಿ, ನಮ್ಮ ಗೇಜ್‌ಗಳ ಕ್ಯಾಲಿಬ್ರೇಷನ್ ಪತ್ರ
ಪ್ರತಿ: ಖರೀದಿ ವಿಭಾಗ, ಲೆಕ್ಕಪತ್ರ ವಿಭಾಗ