ಶೈಲಾಗೆ ಕಾಗದ: ವಾರಕ್ಕೆ 25 ಪ್ರಶ್ನೆ, ನೀನು ನನಗೆ, ನಾನು ನಿನಗೆ

ತೀರ್ಥಹಳ್ಳಿ
ಭಾನುವಾರ ಸಂಜೆ

ಪ್ರೀತಿಯ ಶೈಲಾ,

ಕಲಬುರಗಿಯಲ್ಲಿ ಬಿಸಿಲು ಇಳಿಯಿತಾ? ಇಲ್ಲಿ ಮಳೆ ಹಿಡಿದಿದೆ. ಗಾಳಿ ಎದ್ದರೆ ಕರೆಂಟ್ ಹೋಗುತ್ತೆ, ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಗುತ್ತೆ. ಮೊನ್ನೆ ಫೋನಿನಲ್ಲಿ ಹೇಳಲು ಹೊರಟದ್ದು ಹಾಗೇ ಅರ್ಧಕ್ಕೆ ನಿಂತಿತು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ನಿಧಾನವಾಗಿ ಓದು.

ವಿಷಯ ಇಷ್ಟು. ವಾರಕ್ಕೊಮ್ಮೆ ನಾನು 25 ಪ್ರಶ್ನೆ ಮಾಡಿ ನಿನಗೆ ಕಳಿಸುತ್ತೇನೆ, ನೀನು 25 ಮಾಡಿ ನನಗೆ ಕಳಿಸು. ಗೈಡ್‌ನಿಂದ ಎತ್ತಿದ್ದಾಗಬಾರದು, ಹಳೆ ಪ್ರಶ್ನೆಪತ್ರಿಕೆಯದ್ದೂ ಆಗಬಾರದು. ನಾವೇ ಕೂತು, ಪಠ್ಯಪುಸ್ತಕ ಮುಂದಿಟ್ಟುಕೊಂಡು ಮಾಡಿದ್ದಾಗಿರಬೇಕು.

ಕೆಎಎಸ್ ಪೂರ್ವಭಾವಿಯ ಹಳೆ ಪತ್ರಿಕೆಗಳನ್ನು ಇಬ್ಬರೂ ಮಾಡಿ ಮುಗಿಸಿದ್ದೇವೆ. ಈಗ ಮತ್ತೆ ಮಾಡಿದರೆ ಅಂಕ ಚೆನ್ನಾಗಿಯೇ ಬರುತ್ತದೆ. ಆದರೆ ಅದು ಓದಿನ ಅಂಕ ಅಲ್ಲ, ಪ್ರಶ್ನೆ ಕಂಡ ಕೂಡಲೇ "ಇದಕ್ಕೆ ಸಿ" ಅಂತ ಕೈ ಹೋಗುತ್ತದೆ ಅಷ್ಟೇ. ಟೆಸ್ಟ್ ಸರಣಿಗೆ ದುಡ್ಡು ಕಟ್ಟಬಹುದು. ಆದರೆ ಅಲ್ಲಿ ಪ್ರಶ್ನೆ ಮಾಡಿದವರಿಗೆ ನಾನು ಎಲ್ಲಿ ಎಡವುತ್ತೇನೆ ಅಂತ ಗೊತ್ತಿರುವುದಿಲ್ಲ. ನಿನಗೆ ಗೊತ್ತು. ಶಂಕರಘಟ್ಟದಲ್ಲಿ ಎರಡು ವರ್ಷ ಒಂದೇ ರೂಮಿನಲ್ಲಿದ್ದು ಓದಿದವರು ನಾವು. ಸಂವಿಧಾನದ ತಿದ್ದುಪಡಿ ಅಂದರೆ ನನಗೆ ಎಷ್ಟು ಗೊಂದಲ ಅಂತ ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ಪ್ರಶ್ನೆಗೆ ಉತ್ತರ ಬರೆಯುವುದಕ್ಕಿಂತ ಪ್ರಶ್ನೆ ಮಾಡುವುದರಲ್ಲೇ ಓದು ಜಾಸ್ತಿ ಆಗುತ್ತದೆ. ಸರಿ ಉತ್ತರ ಬರೆಯಲು ಒಂದು ಸಂಗತಿ ಗೊತ್ತಿದ್ದರೆ ಸಾಕು. ಮೂರು ತಪ್ಪು ಉತ್ತರ ಕೊಡಬೇಕೆಂದರೆ ಅದರ ಸುತ್ತಮುತ್ತ ಇರುವುದೆಲ್ಲ ಗೊತ್ತಿರಬೇಕು. ಈ ವಾರ ನಾನು ಮಾಡಿದ ಒಂದು ಪ್ರಶ್ನೆ ನೋಡು.

ಈ ಹೇಳಿಕೆಗಳನ್ನು ಗಮನಿಸಿ.
1. ಶರಾವತಿ ನದಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಬಳಿ ಸಮುದ್ರ ಸೇರುತ್ತದೆ.
2. ವರದಾ ನದಿ ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ ತುಂಗಭದ್ರೆಯನ್ನು ಸೇರುತ್ತದೆ.
3. ತುಂಗಾ ಮತ್ತು ಭದ್ರಾ ನದಿಗಳು ಹರಿಹರದಲ್ಲಿ ಕೂಡುತ್ತವೆ.
ಇವುಗಳಲ್ಲಿ ಸರಿಯಾದದ್ದು:
ಎ) 1 ಮಾತ್ರ  ಬಿ) 1 ಮತ್ತು 2  ಸಿ) 2 ಮತ್ತು 3  ಡಿ) ಮೂರೂ ಸರಿ

ಉತ್ತರ ಬಿ. ತುಂಗೆ ಭದ್ರೆ ಕೂಡುವುದು ನಮ್ಮ ಕೂಡ್ಲಿಯಲ್ಲಿ. ಮೂರನೇ ಹೇಳಿಕೆಯಲ್ಲಿ ಕೂಡ್ಲಿಯ ಬದಲು ಯಾವ ಊರು ಹಾಕಬೇಕು ಅಂತ ತುಂಬಾ ಹೊತ್ತು ಯೋಚಿಸಿದೆ. ಹೊಸಪೇಟೆ ಅಂತ ಹಾಕಿದರೆ ಯಾರೂ ಬೀಳುವುದಿಲ್ಲ, ಅಲ್ಲಿ ಅಣೆಕಟ್ಟು ಇರುವುದು ಎಲ್ಲರಿಗೂ ಗೊತ್ತು. ಹರಿಹರ ಹಾಗಲ್ಲ. ಅದು ತುಂಗಭದ್ರೆಯ ದಡದ ಊರೇ. ಹರಿದ್ರಾ ಹೊಳೆ ಬಂದು ಸೇರುವುದರಿಂದ ಅಲ್ಲೂ ಒಂದು ಸಂಗಮ ಇದೆ. ಹೆಸರಿನಲ್ಲೇ ಇಬ್ಬರು ದೇವರು ಕೂಡಿದ್ದಾರೆ. ಅರ್ಧ ಓದಿದವರು ಖಂಡಿತ ಅಲ್ಲಿಗೇ ಹೋಗುತ್ತಾರೆ. ಆ ಒಂದು ಊರನ್ನು ಹುಡುಕುವಾಗ ತುಂಗಭದ್ರೆಯ ಉಪನದಿಗಳನ್ನೆಲ್ಲ ಇನ್ನೊಂದು ಸಲ ನೋಡಿದ ಹಾಗಾಯಿತು. ಶರಾವತಿ, ವರದಾ ಎರಡೂ ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಒಂದು ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ ಹೋಗುತ್ತವಲ್ಲ, ಅದೂ ಗಟ್ಟಿಯಾಗಿ ಕೂತಿತು. ಗೈಡಿನ ಪಟ್ಟಿ ಓದಿದರೆ ಇದೆಲ್ಲ ಆಗುತ್ತಿರಲಿಲ್ಲ.

ಲೆಕ್ಕದ ಪ್ರಶ್ನೆಯಲ್ಲೂ ಹೀಗೇ. ಒಂದು ನಲ್ಲಿ ತೊಟ್ಟಿಯನ್ನು 6 ಗಂಟೆಯಲ್ಲಿ ತುಂಬಿಸುತ್ತದೆ, ಇನ್ನೊಂದು 12 ಗಂಟೆಯಲ್ಲಿ. ಎರಡೂ ಒಟ್ಟಿಗೆ ಬಿಟ್ಟರೆ? ಉತ್ತರ 4. ತಪ್ಪು ಉತ್ತರಕ್ಕೆ ಸುಮ್ನೆ 5, 7, 8 ಅಂತ ಹಾಕಬೇಡ. 9 ಹಾಕು, ಸರಾಸರಿ ತೆಗೆದವರು ಅಲ್ಲಿಗೆ ಬರುತ್ತಾರೆ. 18 ಹಾಕು, ಕೂಡಿಸಿದವರಿಗೆ. 6 ಹಾಕು, ಕಳೆದವರಿಗೆ. ಆಗ ನಾನು ಯಾವ ತಪ್ಪು ಉತ್ತರ ಆರಿಸಿದೆ ಅನ್ನುವುದರಿಂದಲೇ ನನ್ನ ತಲೆ ಯಾವ ದಾರಿ ಹಿಡಿಯಿತು ಅಂತ ನಿನಗೆ ತಿಳಿಯುತ್ತದೆ. ಎರಡನೇ ಪತ್ರಿಕೆಯಲ್ಲಿ 30 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು. ಎಸ್ಸೆಸ್ಸೆಲ್ಸಿ ಮಟ್ಟದ್ದು ಅಂತ ನಾನು ಅದನ್ನು ಹಿಂದಕ್ಕೆ ತಳ್ಳುತ್ತಾ ಬಂದಿದ್ದೇನೆ. ನಿನ್ನ ಕೈಯಲ್ಲಿ ಲೆಕ್ಕ ಚೆನ್ನಾಗಿದೆ, ಆ ಭಾಗ ವಾರವಾರವೂ ನೀನೇ ಮಾಡು ಅಂತ ಕೇಳಿಕೊಳ್ಳುತ್ತೇನೆ.

ನಾವಿಬ್ಬರೂ ರಾಜ್ಯದ ಎರಡು ತುದಿಯಲ್ಲಿರುವುದೂ ಒಳ್ಳೆಯದೇ ಆಯಿತು. ಕೆಳದಿ ನಾಯಕರು ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ರಾಜಧಾನಿ ಬದಲಿಸಿದ್ದು, 1763ರಲ್ಲಿ ಹೈದರಾಲಿ ಬಿದನೂರು ಹಿಡಿದಿದ್ದು, ರಾಜಾರಾಮನಿಗೆ ಚೆನ್ನಮ್ಮ ಆಶ್ರಯ ಕೊಟ್ಟಿದ್ದು, ಇವೆಲ್ಲ ನಮಗೆ ಮನೆಮಾತು. 1942ರ ಈಸೂರು, 1951ರ ಕಾಗೋಡು ಚಳವಳಿಯ ಕಥೆ ಹೇಳುವ ಹಿರಿಯರು ನಮ್ಮ ಕಡೆ ಇನ್ನೂ ಇದ್ದಾರೆ. ಆದರೆ ಬಹಮನಿ ಸುಲ್ತಾನರು ಕಲಬುರಗಿಯಿಂದ ಬೀದರಿಗೆ ಯಾಕೆ ಹೋದರು, ಮಳಖೇಡ ಕಾಗಿಣಾ ದಡದಲ್ಲೋ ಭೀಮಾ ದಡದಲ್ಲೋ, 1948ರ ಸೆಪ್ಟೆಂಬರ್ 17ರಂದು ನಿಮ್ಮ ಕಡೆ ಏನಾಯಿತು ಅಂದರೆ ನಾನು ಪುಸ್ತಕ ತೆಗೆಯಬೇಕು. ನಿನಗೆ ಅವು ದಾರಿ ಪಕ್ಕದ ಊರುಗಳು. ಮೊದಲ ಪತ್ರಿಕೆಯ ಇತಿಹಾಸ, ಭೂಗೋಳದಲ್ಲಿ ಕರ್ನಾಟಕಕ್ಕೇ ಹೆಚ್ಚು ಒತ್ತು. ಅದಕ್ಕೇ ನೀನು ನಿಮ್ಮ ಕಡೆಯದ್ದು ಮಾಡು, ನಾನು ಮಲೆನಾಡಿನದ್ದು ಮಾಡುತ್ತೇನೆ. 371ಜೆ ವಿಧಿ ಬಗ್ಗೆಯೂ ಒಂದು ಪ್ರಶ್ನೆ ಬೇಕು, 98ನೇ ತಿದ್ದುಪಡಿ ಜೊತೆಗೆ. ತಪ್ಪು ಉತ್ತರದಲ್ಲಿ ಆಂಧ್ರದ 371ಡಿ, ನಾಗಾಲ್ಯಾಂಡಿನ 371ಎ ಇಡು. ನಾನು ಅಲ್ಲೇ ತಡವರಿಸುವವಳು.

ಹೇಗೆ ನಡೆಸೋದು ಅಂತ ಯೋಚಿಸಿದ್ದು ಹೇಳುತ್ತೇನೆ, ನಿನಗೆ ಒಗ್ಗದ್ದನ್ನು ಬದಲಿಸು. ಶುಕ್ರವಾರ ರಾತ್ರಿಯೊಳಗೆ ಪ್ರಶ್ನೆ ಮಾತ್ರ ಕಳಿಸೋಣ, ಉತ್ತರ ಬೇಡ. ಟೈಪ್ ಮಾಡುತ್ತಾ ಕೂತರೆ ಅದೇ ಒಂದು ಕೆಲಸವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರೆ ಸಾಕು. ನಿನ್ನ ಅಕ್ಷರ ನನಗೆ ಓದಲು ಬರುತ್ತೆ. ಶನಿವಾರವೋ ಭಾನುವಾರವೋ, ಯಾವಾಗ ಬಿಡುವೋ ಆಗ, ಗಡಿಯಾರ ಇಟ್ಟುಕೊಂಡು 30 ನಿಮಿಷದಲ್ಲಿ ಮಾಡಬೇಕು. ಪರೀಕ್ಷೆಯಲ್ಲಿ 100 ಪ್ರಶ್ನೆಗೆ ಎರಡು ಗಂಟೆ, ಅದೇ ಲೆಕ್ಕ. ಭಾನುವಾರ ರಾತ್ರಿ ನಮ್ಮ ಉತ್ತರ ಕಳಿಸಿದ ಮೇಲೆಯೇ ಸರಿ ಉತ್ತರ ಬರಬೇಕು.

ಆ ಸರಿ ಉತ್ತರದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟ ಮಾಡುತ್ತೇನೆ. ಬರೀ "ಬಿ" ಅಂತ ಬರೆದರೆ ಆಗದು. ಯಾಕೆ ಬಿ, ಉಳಿದ ಮೂರು ಯಾಕಲ್ಲ, ಯಾವ ಪುಸ್ತಕದ ಎಷ್ಟನೇ ಪುಟ, ಇಷ್ಟೂ ಇರಬೇಕು. ಪುಟ ತೋರಿಸಲು ಆಗದ ಪ್ರಶ್ನೆಯನ್ನು ಮಾಡುವುದೇ ಬೇಡ. ವಾಟ್ಸಾಪಿನಲ್ಲಿ ಓಡಾಡುವ ಪಿಡಿಎಫ್‌ಗಳಲ್ಲಿ ಇಸವಿ ಹೇಗೆ ಅದಲುಬದಲಾಗಿರುತ್ತದೆ ಅಂತ ಇಬ್ಬರೂ ನೋಡಿದ್ದೇವೆ. ಒಂದು ತಪ್ಪು ಇಸವಿ ತಲೆಯಲ್ಲಿ ಕೂತರೆ ತೆಗೆಯುವುದು ಕಷ್ಟ. ಉತ್ತರದ ಬಗ್ಗೆ ಜಗಳ ಬಂದರೆ ಪ್ರಶ್ನೆ ಮಾಡಿದವರೇ ಪುಟ ತೆಗೆದು ತೋರಿಸಬೇಕು. ತೋರಿಸಲು ಆಗದಿದ್ದರೆ ಆ ಪ್ರಶ್ನೆ ರದ್ದು, ಅದರ ಬದಲು ಮುಂದಿನ ವಾರ ಒಂದು ಜಾಸ್ತಿ.

ಉತ್ತರ ಬರೆಯುವಾಗ ಪಕ್ಕದಲ್ಲಿ ಒಂದು ಗುರುತೂ ಹಾಕೋಣ. ಖಚಿತವಾಗಿ ಗೊತ್ತಿದ್ದರೆ ಏನೂ ಬೇಡ. ಎರಡರ ನಡುವೆ ಊಹೆ ಮಾಡಿದ್ದರೆ 2 ಅಂತ ಬರೆ. ಏನೂ ಗೊತ್ತಿಲ್ಲದೆ ಹಾಕಿದ್ದರೆ 4. ಪ್ರತಿ ಪ್ರಶ್ನೆಗೆ 2 ಅಂಕ, ತಪ್ಪಿಗೆ ಅದರ ಕಾಲು ಭಾಗ, ಅಂದರೆ ಅರ್ಧ ಅಂಕ ಹೋಗುತ್ತದೆ. ನಾಲ್ಕು ಪ್ರಶ್ನೆಗೆ ಕಣ್ಣು ಮುಚ್ಚಿ ಹಾಕಿ ಒಂದು ಸರಿಯಾದರೆ 2 ಬಂತು, ಒಂದೂವರೆ ಹೋಯಿತು, ಕೈಗೆ ಸಿಗುವುದು ಅರ್ಧ ಅಂಕ. ಎರಡೆರಡು ತೆಗೆದುಹಾಕಿ ಊಹೆ ಮಾಡಿ ಅರ್ಧದಷ್ಟು ಸರಿಯಾದರೆ 4 ಬಂತು, 1 ಹೋಯಿತು, 3 ಉಳಿಯಿತು. ಲೆಕ್ಕದಲ್ಲಿ ಇದು ಹೀಗೆ. ಆದರೆ ನನ್ನ ಊಹೆ ನಿಜಕ್ಕೂ ಅರ್ಧದಷ್ಟು ಸರಿ ಬರುತ್ತಾ, ನಿನ್ನದು ಬರುತ್ತಾ ಅಂತ ನಾವು ಯಾವತ್ತೂ ನೋಡಿಲ್ಲ. ಕೆಲವು ವಾರ ಗುರುತು ಹಾಕಿದರೆ ಗೊತ್ತಾಗುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಯಾವುದನ್ನು ಬಿಡಬೇಕು, ಯಾವುದಕ್ಕೆ ಧೈರ್ಯ ಮಾಡಬೇಕು ಅನ್ನುವುದಕ್ಕೆ ಆಗ ನಮ್ಮದೇ ಒಂದು ಆಧಾರ ಇರುತ್ತದೆ.

ನಿನಗೆ ಶಾಲೆ, ಮನೆ ಎರಡೂ ಇದೆ ಅಂತ ಗೊತ್ತು. 25 ಜಾಸ್ತಿ ಅನಿಸಿದರೆ 15ಕ್ಕೆ ಇಳಿಸೋಣ. ಚೆನ್ನಾಗಿರುವ 15 ಸಾಕು. ಯಾವುದಾದರೂ ವಾರ ಆಗದಿದ್ದರೆ "ಈ ವಾರ ಇಲ್ಲ" ಅಂತ ಒಂದು ಮಾತು ಹಾಕು, ಕಾರಣ ಹೇಳಬೇಕಿಲ್ಲ. ನನಗೂ ಅಡಿಕೆ ಕೊಯ್ಲು ಶುರುವಾದರೆ ಮನೆಯಲ್ಲಿ ಆಳುಗಳ ಊಟ, ಚಹಾ ಅಂತ ಒಂದಷ್ಟು ದಿನ ಪುಸ್ತಕ ಮುಟ್ಟಲು ಆಗುವುದಿಲ್ಲ. ಅಷ್ಟರೊಳಗೆ ಒಂದು ಸುತ್ತು ಮುಗಿಸಿಬಿಡಬೇಕು ಅಂತ ಆಸೆ. ಮೊದಲು ನಾಲ್ಕು ವಾರ ಮಾಡಿ ನೋಡೋಣ. ಆಮೇಲೆ ಇಬ್ಬರಿಗೂ ಉಪಯೋಗ ಅನಿಸಿದರೆ ಮುಂದುವರಿಸೋಣ, ಇಲ್ಲದಿದ್ದರೆ ಬೇರೆ ದಾರಿ ನೋಡೋಣ.

ಮೊದಲ ವಾರಕ್ಕೆ ನನ್ನ ಕಡೆಯಿಂದ ನದಿಗಳು, ಕೆಳದಿ, ಕದಂಬರು. ತಾಳಗುಂದದ ಕಂಬದ ಶಾಸನದ ಮೇಲೆ ಒಂದು ಪ್ರಶ್ನೆ ಆಗಲೇ ಸಿದ್ಧವಿದೆ, ಶಾಂತಿವರ್ಮ, ಕುಬ್ಜ, ಮಯೂರ ಮೂವರನ್ನೂ ಸೇರಿಸಿದ್ದೇನೆ. ನೀನು ಬಹಮನಿ, ರಾಷ್ಟ್ರಕೂಟರು ಮತ್ತು ಐದು ಲೆಕ್ಕ ಮಾಡು. ಪಂಚಾಯತ್ ರಾಜ್ ಎರಡನೇ ವಾರಕ್ಕೆ ಇರಲಿ, 73ನೇ ತಿದ್ದುಪಡಿಯನ್ನು ನಾನು ಅಷ್ಟರಲ್ಲಿ ಇನ್ನೊಮ್ಮೆ ಓದಿಕೊಳ್ಳುತ್ತೇನೆ.

ಆಗುತ್ತೋ ಇಲ್ಲವೋ ಬುಧವಾರದೊಳಗೆ ಹೇಳು. ಫೋನ್ ಸಿಗದಿದ್ದರೆ ಮೆಸೇಜ್ ಹಾಕಿಬಿಡು, ನೆಟ್‌ವರ್ಕ್ ಬಂದಾಗ ನೋಡುತ್ತೇನೆ. ನೀನು ಹೂಂ ಅಂದರೆ ಈ ಶುಕ್ರವಾರವೇ ನನ್ನ 25 ನಿನ್ನ ಕೈಯಲ್ಲಿರುತ್ತದೆ. ಅತ್ತೆ ಮಾವನಿಗೆ ನಮಸ್ಕಾರ ಹೇಳು, ಪುಟ್ಟಿಗೆ ಮುತ್ತು.

ನಿನ್ನ,
ಸುಮಾ