ಟಿವಿಯನ್ನು ಗೋಡೆಗೆ ಹಾಕಿಸಲು ಒಪ್ಪಿಗೆ ಕೋರಿ ಮನೆ ಮಾಲೀಕರಿಗೆ ಪತ್ರ

ದೇಚೂರು, ಮಡಿಕೇರಿ
12-05-2025

ಮಾನ್ಯ ಪೂವಯ್ಯ ಸರ್ ಅವರಿಗೆ,

ನಮಸ್ಕಾರಗಳು. ನೀವು, ಆಂಟಿ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಈ ತಿಂಗಳ ಬಾಡಿಗೆ ನಿಮ್ಮ ಖಾತೆಗೆ ಬಂದಿರಬೇಕು.

ಹಾಲ್‌ನ ಗೋಡೆಗೆ ಡ್ರಿಲ್ ಮಾಡಿ ಟಿವಿ ಹಾಕಿಸಿಕೊಳ್ಳಲು ನಿಮ್ಮ ಒಪ್ಪಿಗೆ ಕೇಳುವುದಕ್ಕಾಗಿ ಈ ಪತ್ರ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂದು ನಮ್ಮ ಕರಾರುಪತ್ರದಲ್ಲಿ ಸ್ಪಷ್ಟವಾಗಿದೆ. ಅಲ್ಲದೆ ತೋಟದಲ್ಲಿ ನಿಮಗೆ ನೆಟ್‌ವರ್ಕ್ ಸಿಕ್ಕರೆ ಅರ್ಧ ಮಾತು, ಸಿಗದಿದ್ದರೆ ಅದೂ ಇಲ್ಲ. ಗೋಡೆ, ಅಳತೆ, ವೈರಿಂಗ್ ಅಂದರೆ ಅರ್ಧ ಮಾತಿನಲ್ಲಿ ಮುಗಿಯುವ ವಿಷಯವಲ್ಲ.

ಇಷ್ಟು ದಿನ ಟಿವಿ ಮೇಜಿನ ಮೇಲೇ ಇತ್ತು, ತೊಂದರೆಯೇನೂ ಇರಲಿಲ್ಲ. ಈಗ ಮಗಳು ಹಿಡಿದುಕೊಂಡು ನಿಲ್ಲಲು ಕಲಿತಿದ್ದಾಳೆ. ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ ವಯಸ್ಸು. ಆ 43 ಇಂಚಿನ ಟಿವಿ ನಿಂತಿರುವುದು ಎರಡು ಸಣ್ಣ ಪ್ಲಾಸ್ಟಿಕ್ ಕಾಲುಗಳ ಮೇಲೆ. ಸ್ವಲ್ಪ ಮುಂದಕ್ಕೆ ವಾಲಿದರೆ ಸಾಕು, ಮಗುವಿನ ಮೇಲೇ ಬೀಳುತ್ತದೆ. ಮೇಜನ್ನು ಮೂಲೆಗೆ ತಳ್ಳಿ, ಮುಂದೆ ಕುರ್ಚಿ ಅಡ್ಡ ಇಟ್ಟು ನೋಡಿದೆವು. ಅವಳು ಕುರ್ಚಿಯನ್ನೇ ತಳ್ಳಿಕೊಂಡು ಹೋಗುತ್ತಾಳೆ. ನೋಡಲು ಅಂದವಾಗಿರಲಿ ಎಂದು ಕೇಳುತ್ತಿದ್ದರೆ ನಿಮ್ಮ ಗೋಡೆಯನ್ನು ಮುಟ್ಟುವ ಯೋಚನೆಯನ್ನೇ ಮಾಡುತ್ತಿರಲಿಲ್ಲ ಸರ್.

ಯಾವ ಗೋಡೆ ಎಂಬುದೇ ನಿಮಗೆ ಮೊದಲು ಬರುವ ಪ್ರಶ್ನೆ ಎಂದು ನನಗೆ ಗೊತ್ತು. ಕಿಟಕಿ ಇರುವ ಪಶ್ಚಿಮದ ಗೋಡೆ ಖಂಡಿತ ಅಲ್ಲ. ಕಕ್ಕಡದ ಮಳೆಯೆಲ್ಲ ಗಾಳಿಯ ಜೊತೆ ಬಂದು ಬಡಿಯುವುದು ಅದಕ್ಕೇ. ಕಳೆದ ಮಳೆಗಾಲದಲ್ಲಿ ಅದರ ಒಳಮುಖವೂ ತಣ್ಣಗೆ ಒದ್ದೆಯಾಗಿತ್ತು. ಅಲ್ಲಿ ತೂತು ಹೊಡೆದರೆ ಸ್ಕ್ರೂ ತುಕ್ಕು ಹಿಡಿಯುತ್ತದೆ, ಟಿವಿಯ ಹಿಂದೆ ಗಾಳಿಯಾಡದೆ ಬೂಷ್ಟು ಕಟ್ಟುತ್ತದೆ, ನಿಮ್ಮ ಪೇಂಟೂ ಹಾಳು. ನಾವು ಅಂದುಕೊಂಡಿರುವುದು ಹಾಲ್ ಮತ್ತು ಬೆಡ್‌ರೂಮ್ ನಡುವಿನ ಒಳಗೋಡೆ. ಅದಕ್ಕೆ ಮಳೆ ತಾಗುವುದಿಲ್ಲ, ಹಿಂದೆ ಬಾತ್‌ರೂಮಿನ ಪೈಪೂ ಇಲ್ಲ.

ಬಾಗಿಲಿನ ಚೌಕಟ್ಟಿನ ಹತ್ತಿರ ಅಳೆದು ನೋಡಿದೆ. ಎರಡೂ ಕಡೆಯ ಗಾರೆ ಸೇರಿ ಸುಮಾರು 7 ಇಂಚು ದಪ್ಪ ಇದೆ, ಅಂದರೆ 6 ಇಂಚಿನ ಬ್ಲಾಕ್ ಇರಬೇಕು. ನಮಗೆ ಬೇಕಾಗಿರುವುದು ನಾಲ್ಕು ತೂತು, 10 ಮಿ.ಮೀ. ಬಿಟ್‌ನಲ್ಲಿ 60 ಮಿ.ಮೀ. ಆಳಕ್ಕೆ. ಬೆಡ್‌ರೂಮ್ ಕಡೆಗೆ ಅದು ಹಾಯುವ ಪ್ರಶ್ನೆಯೇ ಇಲ್ಲ. ಆದರೆ ಬ್ಲಾಕ್ ಗಟ್ಟಿಯದೋ, ಒಳಗೆ ಟೊಳ್ಳಿರುವುದೋ ಎಂಬುದು ಹೊರಗಿನಿಂದ ತಟ್ಟಿ ನೋಡಿದರೆ ನನಗೆ ತಿಳಿಯುವುದಿಲ್ಲ. ಕಟ್ಟಿಸಿದವರು ನೀವು, ದಯವಿಟ್ಟು ತಿಳಿಸಿ. ಟೊಳ್ಳು ಬ್ಲಾಕ್ ಆಗಿದ್ದರೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆಂದೇ ಬರುವ ಬೇರೆ ಪ್ಲಗ್ ತರಿಸಬೇಕಾಗುತ್ತದೆ.

ಟಿವಿಯ ತೂಕ ಸುಮಾರು 8 ಕೆ.ಜಿ., ಬ್ರಾಕೆಟ್ ಸೇರಿದರೆ 10ರ ಒಳಗೇ ಇರುತ್ತದೆ. ಅಂಗಡಿಯವರು ಮುಂದಕ್ಕೆ ಎಳೆದು ಅತ್ತಿತ್ತ ತಿರುಗಿಸುವ ಬ್ರಾಕೆಟ್ ತೋರಿಸಿದರು. ಬೇಡವೆಂದೆ. ಟಿವಿ ಗೋಡೆಯಿಂದ ದೂರ ಹೋದಷ್ಟೂ ಮೇಲಿನ ಸ್ಕ್ರೂಗಳ ಮೇಲೆ ಎಳೆತ ಹೆಚ್ಚು. ಗೋಡೆಗೆ ಅಂಟಿದಂತೆ ಕೂರುವ ಸಾದಾ ಬ್ರಾಕೆಟ್ಟೇ ನಮಗೆ ಸಾಕು. 2018ರ ಆಗಸ್ಟ್ ಮಳೆಯ ಮೇಲೆ ಈ ಊರಿನಲ್ಲಿ ಗೋಡೆಯ ಬಿರುಕು ಅಂದರೆ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕೆಲಸಕ್ಕೆ ಮುಂಚೆ ಆ ಗೋಡೆಯ ಫೋಟೊ ತೆಗೆದು ನಿಮಗೆ ವಾಟ್ಸಾಪ್ ಮಾಡುತ್ತೇನೆ. ಗಾರೆಯ ಪದರ ದಾಟುವವರೆಗೆ ಹ್ಯಾಮರ್ ಹಾಕದೆ ನಿಧಾನವಾಗಿ ಕೊರೆಯಲು ಹೇಳುತ್ತೇನೆ, ಇಲ್ಲದಿದ್ದರೆ ತೂತಿನ ಸುತ್ತ ಗಾರೆ ಚಕ್ಕೆ ಏಳುತ್ತದೆ.

ವೈರಿಂಗ್ ವಿಷಯ. ಆ ಗೋಡೆಯಲ್ಲಿರುವ ಸ್ವಿಚ್‌ಬೋರ್ಡಿನಿಂದ ಪೈಪು ನೇರ ಮೇಲಕ್ಕೆ ಹೋಗಿರಬೇಕು ಎಂದು ಲೆಕ್ಕ ಹಾಕಿ, ಆ ಗೆರೆಯಿಂದ ಒಂದು ಅಡಿಗೂ ಹೆಚ್ಚು ಬಿಟ್ಟು ಗುರುತು ಮಾಡಿದ್ದೇನೆ. ಆದರೂ ಇದು ಊಹೆಯೇ. ನಿಮ್ಮ ಮನೆಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಈಗಲೂ ಮಡಿಕೇರಿಯಲ್ಲೇ ಇದ್ದರೆ ಅವರ ನಂಬರ್ ಕೊಡಿ, ಅವರ ಕೈಯಲ್ಲೇ ಮಾಡಿಸುತ್ತೇನೆ. ಅಂಗಡಿಯವರು ಕಳಿಸುವ ಹುಡುಗನಿಗೆ ನಾಲ್ಕು ತೂತು ಹೊಡೆದು ಮುಂದಿನ ಮನೆಗೆ ಓಡುವ ಆತುರ. ಕೂಲಿ ನೂರಿನ್ನೂರು ಜಾಸ್ತಿಯಾದರೂ ನಿಮ್ಮ ಪರಿಚಯದವರೇ ಬಂದರೆ ನಿಮಗೂ ನಮಗೂ ನೆಮ್ಮದಿ. ಹೊಸದಾಗಿ ಗೋಡೆ ಕೊರೆದು ವೈರ್ ಎಳೆಸುವುದಿಲ್ಲ. ಈಗಿರುವ ಪಾಯಿಂಟಿನಿಂದ ಟಿವಿವರೆಗೆ ಬಿಳಿ ಕೇಸಿಂಗ್ ಪಟ್ಟಿ ಅಂಟಿಸಿದರೆ ಆಯಿತು. ಡಿಶ್ ಕೇಬಲ್ ಕಿಟಕಿಯಲ್ಲಿ ಹಿಂದಿನ ಬಾಡಿಗೆದಾರರು ಬಿಟ್ಟ ದಾರಿಯಲ್ಲೇ ಬರುತ್ತದೆ.

ಮನೆ ಬಿಡುವಾಗ ಬ್ರಾಕೆಟ್ ಬಿಚ್ಚಿ, ಪ್ಲಗ್ ತೆಗೆದು, ತೂತುಗಳಿಗೆ ಪುಟ್ಟಿ ತುಂಬಿಸಿ ಉಜ್ಜಿಸಿ ಕೊಡುತ್ತೇನೆ. ಅಷ್ಟು ಜಾಗಕ್ಕೆ ಮಾತ್ರ ಪೇಂಟ್ ಹಚ್ಚಿದರೆ ತೇಪೆ ಎದ್ದು ಕಾಣುತ್ತದೆ, ಆದ್ದರಿಂದ ಮೂಲೆಯಿಂದ ಮೂಲೆಗೆ ಆ ಒಂದು ಗೋಡೆ ಪೂರ್ತಿ ನನ್ನ ಖರ್ಚಿನಲ್ಲೇ ಹೊಡೆಸುತ್ತೇನೆ. ಪೇಂಟಿನ ಹಳೆಯ ಡಬ್ಬ ನಿಮ್ಮ ಗೋಡೌನಿನಲ್ಲಿದ್ದರೆ ಅದರ ಶೇಡ್ ನಂಬರ್ ಬರೆದಿಟ್ಟಿರಿ. ಬ್ರಾಕೆಟ್ ಅಲ್ಲೇ ಇರಲಿ, ಮುಂದೆ ಬರುವವರಿಗೆ ಆಗುತ್ತದೆ ಎಂದು ನಿಮಗೆ ಅನಿಸಿದರೆ ಹಾಗೇ ಬಿಟ್ಟುಹೋಗುತ್ತೇನೆ, ಅದಕ್ಕೆ ದುಡ್ಡು ಕೇಳುವುದಿಲ್ಲ. ನಾನು ಸರಿಮಾಡಿಸಿದ್ದು ನಿಮಗೆ ಒಪ್ಪಿಗೆಯಾಗದಿದ್ದರೆ, ಆ ಗೋಡೆಯ ಕೆಲಸದ ಖರ್ಚನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಬಹುದು.

ಸಾಧ್ಯವಾದರೆ ಈ ತಿಂಗಳೊಳಗೇ ಮುಗಿಸಿಬಿಡುವ ಆಸೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಎಲ್ಲಾದರೂ ಚಕ್ಕೆ ಎದ್ದರೆ ಹಚ್ಚಿದ ಪುಟ್ಟಿ ಒಣಗುವುದೇ ಇಲ್ಲ, ಕರೆಂಟೂ ಇದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಮಾಡಿಸುತ್ತೇನೆ. ಕೆಳಗಿನ ಮನೆಯವರಿಗೆ ಮುಂಚೆಯೇ ಹೇಳಿದ್ದೇನೆ, ಸದ್ದಿಗೆ ಅವರ ತಕರಾರಿಲ್ಲ. ನೀವು ಸಂತೆಗೋ ಬ್ಯಾಂಕಿಗೋ ಮಡಿಕೇರಿಗೆ ಬರುವ ದಿನವೇ ಇಟ್ಟುಕೊಳ್ಳೋಣ ಎಂದರೂ ಸರಿ, ಎದುರಿಗೆ ನಿಂತು ನೋಡಿದ ಹಾಗಾಗುತ್ತದೆ.

ಗೋಡೆ ಮುಟ್ಟುವುದು ಬೇಡವೆಂದು ನಿಮಗೆ ಅನಿಸಿದರೆ ಸಂಕೋಚವಿಲ್ಲದೆ ಹೇಳಿ ಸರ್. ನೆಲದ ಮೇಲೆ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡ್ ಸಿಗುತ್ತದೆ. ಜಾಗ ಹೆಚ್ಚು ತಿನ್ನುತ್ತದೆ, ಮಗುವಿಗೆ ಅದೂ ಪೂರ್ತಿ ಸುರಕ್ಷಿತವಲ್ಲ, ಆದರೂ ಹೇಗೋ ಹೊಂದಿಸಿಕೊಳ್ಳುತ್ತೇವೆ.

ಈ ಪತ್ರದ ಎರಡು ಪ್ರತಿ ಇಟ್ಟಿದ್ದೇನೆ. ಒಪ್ಪಿಗೆಯಿದ್ದರೆ ಒಂದರ ಕೆಳಗೆ 'ಒಪ್ಪಿದೆ' ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿ, ಪತ್ರ ತಂದ ಡ್ರೈವರ್ ಕೈಯಲ್ಲೇ ಕಳಿಸಿಕೊಡಿ. ಅದನ್ನು ಕರಾರುಪತ್ರದ ಜೊತೆ ಇಡುತ್ತೇನೆ. ನಿಮ್ಮದೇನಾದರೂ ಷರತ್ತಿದ್ದರೆ ಅದರಲ್ಲೇ ಬರೆಯಿರಿ.

ಆಂಟಿ ಕೊಟ್ಟುಕಳಿಸಿದ ಕಿತ್ತಳೆಹಣ್ಣು ತುಂಬ ಚೆನ್ನಾಗಿತ್ತು ಎಂದು ಹೇಳಲು ನನ್ನ ಹೆಂಡತಿ ತಿಳಿಸಿದ್ದಾಳೆ.

ಇಂತಿ ನಿಮ್ಮ ವಿಶ್ವಾಸಿ,
ಮಂಜುನಾಥ
(ಮೊದಲನೇ ಮಹಡಿಯ ಬಾಡಿಗೆದಾರ)