ಹದಿನೇಳು ರೂಪಾಯಿ

ನವೆಂಬರ್ 3, ಸೋಮವಾರ. ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಬಂದ ದೊಡ್ಡಮ್ಮ ಸಹಕಾರಿ ಸಂಘದ ಕೌಂಟರಿನ ಮೇಲೆ ನೋಟುಗಳ ಕಟ್ಟು ಇಟ್ಟರು. ಜೂನ್ 10ರಂದು ಅಡಿಕೆಗೆ ಮದ್ದು ಬಿಡಿಸಲೆಂದು ಬಳೆ ಅಡವಿಟ್ಟು 30,000 ಕೊಂಡುಹೋಗಿದ್ದರು. ಹೊತ್ತಿಗೆ ಸರಿಯಾಗಿ ಮೈಲುತುತ್ತು ಬೀಳದಿದ್ದರೆ ಮಹಾಳಿ ರೋಗ ಬಿಡುತ್ತದೆಯೇ?

ಪ್ರಿಂಟರಿನಿಂದ ಚೀಟಿ ಬಂತು. ಬಡ್ಡಿ 1,217.

ಕೌಂಟರಿನಲ್ಲಿ ಕೂತಿದ್ದ ಜಯಂತಿಯ ಕೈ ತಡೆಯಿತು. ಜೂನಿನಲ್ಲಿ 20 ದಿನ, ಜುಲೈಯಲ್ಲಿ 31, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರ್ 31, ಇವತ್ತಿನವರೆಗೆ 3. ಒಟ್ಟು 146 ದಿನ. ಹಳೇ ಗುಮಾಸ್ತರು ಅವಳಿಗೆ ಮೊದಲ ವಾರವೇ ಕಲಿಸಿದ್ದರು: 73 ದಿನವೆಂದರೆ ವರ್ಷದ ಐದನೇ ಒಂದು ಪಾಲು, 146 ಎಂದರೆ ಎರಡು ಪಾಲು. ನೂರಕ್ಕೆ ಹತ್ತರಂತೆ ವರ್ಷಕ್ಕೆ 3,000. ಅದರಲ್ಲಿ ಎರಡು ಪಾಲು 1,200. ಒಂದು ಪೈಸೆ ಆಚೆ ಈಚೆ ಆಗುವ ಲೆಕ್ಕವೇ ಅಲ್ಲ.

"ಎಷ್ಟಾಯ್ತು ಮಗಳೇ? ಇದರಲ್ಲಿರುವುದು ಮಲಯಾಳ, ನನಗೆ ಓದಲಿಕ್ಕೆ ಬರುವುದಿಲ್ಲ. ನೀನು ಹೇಳಿದ್ದೇ ಲೆಕ್ಕ."

"ಸ್ವಲ್ಪ ಕೂತುಕೊಳ್ಳಿ ದೊಡ್ಡಮ್ಮ."

ಏಪ್ರಿಲಿನಲ್ಲಿ ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಹಾಕಿದ್ದರು. ಸಾಲದ ಸೆಟ್ಟಿಂಗ್ ತೆರೆದು ನೋಡಿದಳು. Days in Year: 360. ದಿನಗಳನ್ನು ಕ್ಯಾಲೆಂಡರಿನಂತೆ ಒಂದೊಂದಾಗಿ ಎಣಿಸಿ, ಭಾಗಿಸುವುದು ಮಾತ್ರ 360ರಿಂದ. ಠೇವಣಿಯದ್ದನ್ನೂ ತೆರೆದಳು. ಅಲ್ಲಿ 365.

ಸೆಕ್ರೆಟರಿ ಕನ್ನಡಕ ಏರಿಸಿಕೊಂಡು ನೋಡಿದರು. "ಹದಿನೇಳು ರೂಪಾಯಿ ಅಲ್ವಾ? ಈಗ ತಗೊಂಡುಬಿಡು. ಬೋರ್ಡ್ ಮೀಟಿಂಗಿನಲ್ಲಿ ಹೇಳುವ."

"ಎಫ್‌ಡಿಗೆ ಬಡ್ಡಿ ಕೊಡುವಾಗ 365ರಿಂದ ಭಾಗಿಸ್ತೇವೆ ಸಾರ್. ನಾವು ಕೊಡುವಾಗ ಒಂದು ವರ್ಷ, ತಗೊಳ್ಳುವಾಗ ಬೇರೆ ವರ್ಷವಾ?"

ಅವರು ಮಾತಾಡಲಿಲ್ಲ.

"ಏಪ್ರಿಲಿನಿಂದ ಸಾಲ ತೀರಿಸಿದವರೆಲ್ಲ ಹೀಗೇ ಹೆಚ್ಚು ಕೊಟ್ಟು ಹೋಗಿದ್ದಾರೆ ಸಾರ್. ಒಬ್ಬರೂ ಕೇಳಲಿಲ್ಲ. ನಾವು ಓದಿ ಹೇಳಿದ್ದನ್ನು ನಂಬಿ ಕೊಟ್ಟದ್ದು."

ಹೊರಗೆ ಬೆಂಚಿನಲ್ಲಿ ದೊಡ್ಡಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ಬಸ್ಸಿನ ಚಿಲ್ಲರೆ ಎಣಿಸುತ್ತಿದ್ದರು. ಸೆಕ್ರೆಟರಿಯ ಕಣ್ಣು ಒಂದು ಗಳಿಗೆ ಅತ್ತ ಹೋಯಿತು.

"ಆ ಚೀಟಿ ಕ್ಯಾನ್ಸಲ್ ಮಾಡು," ಎಂದರು. "ಕೈಯಲ್ಲಿ ರಶೀದಿ ಬರಿ, ನಾನು ಸೈನ್ ಹಾಕ್ತೇನೆ. ಪ್ರೋಗ್ರಾಂನವರಿಗೆ ಈಗಲೇ ಫೋನ್ ಮಾಡ್ತೇನೆ."

ಜಯಂತಿ ರಶೀದಿಯನ್ನು ಕನ್ನಡದಲ್ಲೇ ಬರೆದಳು. ಅಸಲು 30,000, ದಿನ 146, ಬಡ್ಡಿ 1,200. ದೊಡ್ಡಮ್ಮ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಪ್ರತಿ ಸಾಲಿಗೂ ಬೆರಳಿಟ್ಟು, ತಾವೇ ಓದಿದರು. ಆಮೇಲೆ ಬಳೆಗಳನ್ನು ತೊಟ್ಟುಕೊಂಡರು.

ಸಂಜೆ ಕೌಂಟರ್ ಮುಚ್ಚಿದ ಮೇಲೆ ಅವಳು ತೀರಿದ ಸಾಲಗಳ ಪಟ್ಟಿಯನ್ನು ಏಪ್ರಿಲಿನಿಂದ ತೆಗೆದಳು. ಬಲಗಡೆ ಸ್ಕೇಲಿಟ್ಟು ಹೊಸ ಗೆರೆ ಎಳೆದು, ತಲೆಯಲ್ಲಿ 'ವಾಪಸು ಕೊಡಬೇಕಾದ್ದು' ಎಂದು ಬರೆದು, ಮೊದಲ ಹೆಸರಿನ ಎದುರು 11 ಎಂದು ತುಂಬಿಸಿದಳು.